ಹೊಳೆ ದಡ ಮೀರಿದಾಗ ನೀರಿನ ಲೆಕ್ಕ ಹಾಕುವುದು ಹೇಗೆ?

ನಡುವೆ ಆಳದ ಪಾತ್ರ, ಎರಡೂ ಬದಿಗೆ ನೆರೆ ನೀರು ಹರಡುವ ಬಯಲು. ಇಂಥ ಹೊಳೆಯ ಹರಿವನ್ನು ಒಂದೇ ಏಟಿಗೆ ಲೆಕ್ಕ ಹಾಕಿ ಎಡವಿದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದಕ್ಕೇ ಈ ಬರಹ.

ಮೊದಲು ಹೊಳೆಯ ಅಡ್ಡಕೊಯ್ತವನ್ನು ಕಾಗದದ ಮೇಲೆ ಬಿಡಿಸಿಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಪಾತ್ರದ ಅಗಲ 20 ಮೀಟರ್, ದಡದ ಎತ್ತರ 3 ಮೀಟರ್. ಎರಡೂ ಕಡೆ 50 ಮೀಟರ್ ಅಗಲದ ಬಯಲು, ಅದರ ಹೊರ ಅಂಚಿಗೆ ಏರಿ. ಇಳಿಜಾರು 0.0004. ಒರಟುತನದ ಅಂಕೆ n ಪಾತ್ರಕ್ಕೆ 0.03, ಬೆಳೆ ನಿಂತ ಬಯಲಿಗೆ 0.06. ಸೂತ್ರ ಮ್ಯಾನಿಂಗ್‌ನದು:

```
Q = (1/n) × A × R^(2/3) × S^(1/2),  R = A/P
```

Q ಅಂದರೆ ಹರಿವು, S ಅಂದರೆ ಇಳಿಜಾರು, A ಅಂದರೆ ನೀರಿರುವ ವಿಸ್ತೀರ್ಣ, P ಅಂದರೆ ನೀರು ತಾಗುವ ನೆಲ ಮತ್ತು ದಡದ ಉದ್ದ.

ನೀರು ದಡದ ತುದಿ ಮುಟ್ಟಿದಾಗ A 60, P 26. ಹರಿವು ಸೆಕೆಂಡಿಗೆ ಸುಮಾರು 70 ಘನ ಮೀಟರ್. ಈಗ ನೀರು ಇನ್ನೂ 30 ಸೆಂಟಿಮೀಟರ್ ಏರಲಿ. ಇಡೀ ಅಡ್ಡಕೊಯ್ತವನ್ನು ಒಂದೇ ತುಂಡು ಎಂದು ಹಿಡಿದರೆ A 96 ಆಗುತ್ತದೆ, ಆದರೆ P ಒಮ್ಮೆಗೇ 126.6ಕ್ಕೆ ಹಾರುತ್ತದೆ. ಎಲ್ಲ ಕಡೆ n 0.03 ಎಂದೇ ಇಟ್ಟರೂ ಸಿಗುವುದು 53! ನೀರು ಏರಿದೆ, ಹರಿವು ಇಳಿದಿದೆ. ಹೀಗಾಗಲು ಸಾಧ್ಯವಿಲ್ಲ ಅಲ್ವಾ? ಬಯಲಿನ ತೆಳು ನೀರು ಪಾತ್ರದ ಆಳವನ್ನು ಸುಮ್ನೆ ನುಂಗಿಹಾಕಿದೆ. ಎರಡು n ಸೇರಿಸಿ ಸರಾಸರಿ ತೆಗೆಯುವ ಅಡ್ಡದಾರಿ ಬೇಡವೇ ಬೇಡ. ಅದರಿಂದ ಹರಿವು ಇನ್ನೂ ಕಡಿಮೆ ಬರುತ್ತದೆ.

ಆದ್ದರಿಂದ ಎರಡೂ ದಡದ ತುದಿಯಿಂದ ನೇರ ಮೇಲಕ್ಕೆ ಒಂದೊಂದು ಗೆರೆ ಎಳೆಯಿರಿ. ಮೂರು ತುಂಡಾಯಿತು. ಜಾಸ್ತಿ ಜನ ತಪ್ಪುವುದು ಇಲ್ಲೇ: ಆ ಗೆರೆಯ ಉದ್ದವನ್ನೂ P ಗೆ ಸೇರಿಸಿಬಿಡುತ್ತಾರೆ. ಅಲ್ಲಿ ಗೋಡೆ ಇಲ್ಲ, ನೀರಿಗೆ ನೀರೇ ತಾಗುತ್ತಿದೆ. ಹಾಗಾಗಿ ಪಾತ್ರದ P 26 ಆಗಿಯೇ ಉಳಿಯಬೇಕು. ಬಯಲಿಗೆ 50ರ ಜೊತೆ ಹೊರಗಿನ ಏರಿಯ 0.3 ಸೇರಿ 50.3.

ಪಾತ್ರದಲ್ಲಿ ಸುಮಾರು 82, ಒಂದೊಂದು ಬಯಲಿನಲ್ಲಿ 2.2. ಕೂಡಿದರೆ 86.

ಇದೂ ತುಸು ಹೆಚ್ಚೇ. ಪಾತ್ರದ ನೀರು ಸೆಕೆಂಡಿಗೆ 1.24 ಮೀಟರ್ ಓಡುತ್ತದೆ, ಬಯಲಿನದು 0.15 ಮಾತ್ರ. ಗೆರೆಯ ಬಳಿ ಸುಳಿಗಳು ಎದ್ದು, ನಿಧಾನದ ನೀರು ವೇಗದ ನೀರನ್ನು ಹಿಂದಕ್ಕೆ ಎಳೆಯುತ್ತದೆ. ಅದನ್ನು ತೋರಿಸಲು ಕೆಲವರು ಗೆರೆಯನ್ನು ಪಾತ್ರದ P ಗೆ ಮಾತ್ರ ಸೇರಿಸುತ್ತಾರೆ. ಹಾಗೆ ಮಾಡುವುದಿದ್ದರೂ ಬಯಲಿನ P ಗೆ ಸೇರಿಸಬೇಡಿ, ಬಯಲಿನ ನೀರನ್ನು ಪಾತ್ರದ ನೀರು ಮುಂದಕ್ಕೇ ಎಳೆಯುತ್ತಿರುತ್ತದೆ. ನೀರು 4 ಮೀಟರ್ ಇದ್ದಾಗ ಈ ಒಂದು ತಿದ್ದುಪಡಿಯಿಂದ ಪಾತ್ರದ ಹರಿವು 113ರಿಂದ 107ಕ್ಕೆ ಇಳಿಯುತ್ತದೆ.

ಹೊಳೆಯ ಹರಿವು ಲೆಕ್ಕ ಹಾಕುವ HEC-RAS ಸಾಫ್ಟ್‌ವೇರ್ ಬಳಸುವವರು ದಡದ ಗುರುತನ್ನು ನಿಜವಾದ ದಡದ ತುದಿಯಲ್ಲೇ ಇಡಿ. ಅದು ಬಯಲಿನ ಹೊರಗಿನ ಏರಿಯ ಮೇಲೆ ಕುಳಿತರೆ ಇಡೀ ಬಯಲು ಪಾತ್ರದೊಳಗೆ ಸೇರಿಹೋಗುತ್ತದೆ. ಕೊನೆಗೆ ನೀರಿನ ಮಟ್ಟಕ್ಕೂ ಹರಿವಿಗೂ ಗ್ರಾಫ್ ಎಳೆಯಿರಿ. 3 ಮೀಟರ್ ದಾಟುವಾಗ ಗೆರೆ ಹಿಂದಕ್ಕೆ ಬಾಗಿದರೆ ತುಂಡು ಮಾಡಿದ್ದರಲ್ಲೇ ತಪ್ಪಿದೆ ಎಂದರ್ಥ.