ಪಿನ್ ಕೂತರೆ ಸಾಲದು, ಅಡಾಪ್ಟರ್ ಮೇಲಿನ ಗುರುತು ನೋಡಿ

ಪಕ್ಕದ ಮನೆಯವರ ರೌಟರ್‌ನ ಅಡಾಪ್ಟರ್ ಕೆಟ್ಟಿತ್ತು. ಹಳೇ ಮೋಡೆಮ್‌ನ ಅಡಾಪ್ಟರ್ ಹುಡುಕಿ ಹಾಕಿದರು. ಪಿನ್ ಸರಿಯಾಗಿ ಕೂತಿತು, ಮೇಲೆ 12 ವೋಲ್ಟ್ ಅಂತಲೂ ಇತ್ತು. ಆದರೂ ರೌಟರ್ ಸುಟ್ಟುಹೋಯಿತು. ರೌಟರ್‌ಗೆ ಬೇಕಿದ್ದದ್ದು ಡಿಸಿ, ಆ ಅಡಾಪ್ಟರ್ ಕೊಡುತ್ತಿದ್ದದ್ದು ಎಸಿ. ಈ ತಪ್ಪನ್ನು ನಾನು ಬೇರೆ ಕಡೆಯೂ ನೋಡಿದ್ದೇನೆ.

ಮೊದಲು ವ್ಯತ್ಯಾಸ ತಿಳಿಯೋಣ. ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಎಲೆಕ್ಟ್ರಾನ್‌ಗಳನ್ನು ಸದಾ ಮೈನಸ್ ತುದಿಯಿಂದಲೇ ಹೊರಗೆ ತಳ್ಳುತ್ತದೆ. ಕರೆಂಟ್ ಒಂದೇ ದಿಕ್ಕಿಗೆ ಹರಿಯುತ್ತದೆ, ಅದು ಡಿಸಿ. ವಿದ್ಯುತ್ ಕೇಂದ್ರದ ಜನರೇಟರ್‌ನಲ್ಲಿ ಅಯಸ್ಕಾಂತ ತಿರುಗುತ್ತದೆ. ಅದರ ಉತ್ತರ, ದಕ್ಷಿಣ ಧ್ರುವಗಳು ಸರದಿಯಂತೆ ತಂತಿ ಸುರುಳಿಯ ಮುಂದೆ ಹಾಯುವುದರಿಂದ ಕರೆಂಟ್ ದಿಕ್ಕು ಬದಲಿಸುತ್ತಲೇ ಇರುತ್ತದೆ. ಇದು ಎಸಿ. ನಮ್ಮ ಗೋಡೆಯ ಸಾಕೆಟ್‌ನಲ್ಲಿ ಅದು ಸೆಕೆಂಡಿಗೆ 50 ಸಲ ಹೋಗಿ ಬರುತ್ತದೆ.

ಗೋಡೆಗೂ ಡಿಸಿಯನ್ನೇ ಕೊಡಬಹುದಿತ್ತು ಅಲ್ವಾ? ತೊಡಕಿದ್ದದ್ದು ದೂರದಲ್ಲಿ. ವೋಲ್ಟೇಜ್ ಹತ್ತು ಪಟ್ಟು ಏರಿಸಿದರೆ ಅಷ್ಟೇ ವಿದ್ಯುತ್ತಿಗೆ ಹತ್ತರಲ್ಲಿ ಒಂದು ಪಾಲು ಕರೆಂಟ್ ಸಾಕು. ಆಗ ತಂತಿಯಲ್ಲಿ ಬಿಸಿಯಾಗಿ ಪೋಲಾಗುವುದು ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹೀಗೆ ಏರಿಸಿ, ಊರಿನ ಹತ್ತಿರ ಇಳಿಸುವ ಟ್ರಾನ್ಸ್‌ಫಾರ್ಮರ್ ನಡೆಯುವುದು ಎಸಿಯಿಂದ ಮಾತ್ರ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ದೂರದ ಕೋಲಾರದ ಚಿನ್ನದ ಗಣಿ ಮುಟ್ಟಿದ್ದು ಹೀಗೆಯೇ.

ಈಗ ಅಡಾಪ್ಟರ್ ಆರಿಸೋಣ. ಅದರ ಮೇಲೆ OUTPUT ಸಾಲು ಓದಿ. ವೋಲ್ಟ್ ಪಕ್ಕ ಅಲೆಯಂಥ ~ ಗುರುತಿದ್ದರೆ ಎಸಿ, ಪಕ್ಕಕ್ಕಿಡಿ. ನೇರ ಗೆರೆ, ಅದರ ಕೆಳಗೆ ತುಂಡು ಗೆರೆ ಇದ್ದರೆ ಡಿಸಿ. INPUT ಸಾಲಿನಲ್ಲಿ ~ ಇದ್ದೇ ಇರುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ.

ಮುಂದಿನದು ಪ್ಲಸ್-ಮೈನಸ್. ಜಾಸ್ತಿ ಜನ ಎಡವುವುದು ಇಲ್ಲೇ. ಪಿನ್ನಿನ ಚಿತ್ರದಲ್ಲಿ ನಡುವಿನ ಚುಕ್ಕೆಯ ಗೆರೆ ಪ್ಲಸ್‌ಗೆ ಹೋಗಿದ್ದರೆ ಒಳಭಾಗ ಪ್ಲಸ್. ರೌಟರ್ ಮೇಲಿನ ಚಿತ್ರವೂ ಹಾಗೇ ಇರಬೇಕು. ಚಿತ್ರವನ್ನಷ್ಟೇ ನಂಬಬೇಡಿ, ಅಳೆಯಿರಿ. ಮಲ್ಟಿಮೀಟರ್ ಅನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ. ಕೆಂಪು ಕಡ್ಡಿ ಪಿನ್ನಿನ ತೂತಿನೊಳಗೆ, ಕಪ್ಪು ಕಡ್ಡಿ ಹೊರಮೈಗೆ. ಎರಡು ಕಡ್ಡಿಗಳೂ ಒಂದಕ್ಕೊಂದು ತಾಗಬಾರದು. 12ರ ಆಸುಪಾಸು ಬಂದರೆ ಒಳಗೆ ಪ್ಲಸ್ ಇದೆ. ಮುಂದೆ ಮೈನಸ್ ಗುರುತು ಬಂದರೆ ಉಲ್ಟಾ ಇದೆ. ಸೊನ್ನೆಯ ಹತ್ತಿರವೇ ನಿಂತರೆ ಅಡಾಪ್ಟರ್ ಕೆಟ್ಟಿರಬಹುದು, ಇಲ್ಲವೇ ಎಸಿ ಕೊಡುತ್ತಿರಬಹುದು. 16, 17 ತೋರಿಸುವ ಹಳೇ ಭಾರದ ಅಡಾಪ್ಟರ್‌ಗಳನ್ನು ರೌಟರ್‌ಗೆ ಹಾಕಲೇಬೇಡಿ. ಅಳೆಯುವುದು ಪಿನ್ನಿನ ಕಡೆ ಮಾತ್ರ, ಗೋಡೆಯ ಕಡೆ ಕಡ್ಡಿ ಒಯ್ಯಬೇಡಿ.

ಆಂಪಿಯರ್ ಸುಲಭ: ರೌಟರ್ ಕೇಳಿದಷ್ಟು ಅಥವಾ ಜಾಸ್ತಿ ಇರಲಿ. ಪಿನ್ ಸಡಿಲವಿದ್ದರೆ ಟೇಪ್ ಸುತ್ತಿ ಬಿಗಿ ಮಾಡಬೇಡಿ, ಅಳತೆ ಸರಿಯಿರುವುದನ್ನೇ ತನ್ನಿ.