ನೆಟ್ ಇಲ್ಲದಿದ್ದರೂ ತೆರೆಯಬೇಕಾದ ಪ್ರವಾಸದ ಕಡತ

ಬಾದಾಮಿಯ ಒಂದು ವಸತಿಗೃಹದ ಮುಂದೆ ಆರು ಜನ, ಒಂಬತ್ತು ಚೀಲಗಳೊಂದಿಗೆ ನಿಂತಿದ್ದೆವು. ಕೊಠಡಿ ಕಾಯ್ದಿರಿಸಿದ್ದು ಭಾವ. ಅವರು ಕಚೇರಿಯ ಕೆಲಸವೆಂದು ಬೆಂಗಳೂರಿನಲ್ಲೇ ಉಳಿದಿದ್ದರು. ಬುಕಿಂಗ್‌ನ ಮೇಲ್ ಅವರ ಖಾತೆಯಲ್ಲಿತ್ತು. ಅದರ ಚಿತ್ರವನ್ನು ನನಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದರು ನಿಜ, ಆದರೆ ನಾನು ಅದನ್ನು ಒಮ್ಮೆಯೂ ತೆರೆದಿರಲಿಲ್ಲ. ಈಗ ತೆರೆದರೆ ಮಸುಕಾದ ಚೌಕ, ನಡುವೆ ಕೆಳಮುಖದ ಬಾಣ, ಅದರ ಸುತ್ತ ತಿರುಗುತ್ತಲೇ ಇರುವ ಗೆರೆ. ಕೌಂಟರಿನಲ್ಲಿದ್ದವರು ಬುಕಿಂಗ್ ಸಂಖ್ಯೆ ಹೇಳಿ ಎನ್ನುತ್ತಾರೆ, ನನ್ನ ಮೊಬೈಲಿಗೆ ನೆಟ್‌ವರ್ಕ್ ಇಲ್ಲ. ಅತ್ತೆ ಮೆಟ್ಟಿಲ ಮೇಲೆ ಕುಳಿತು, "ಹಿಂದೆಲ್ಲ ಇದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬರುತ್ತಿದ್ದರಪ್ಪ" ಎಂದರು. ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಪ್ರವಾಸ ಯೋಜನೆಯ ಆ್ಯಪ್‌ಗಳು ಮಾಡುವುದು ಆ ಚೀಟಿಯ ಕೆಲಸವನ್ನೇ. ಟಿಕೆಟ್, ಕೊಠಡಿ, ದಿನದ ತಿರುಗಾಟ ಎಲ್ಲವನ್ನೂ ಸಮಯದ ಕ್ರಮದಲ್ಲಿ ಒಂದೇ ಪಟ್ಟಿಯಾಗಿ ಇಡುತ್ತವೆ. ಬೆಂಗಳೂರಿನಿಂದ ಗುರುವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೊಸಪೇಟೆಗೆ ಹೋಗಿ, ಹಂಪಿ, ಬಾದಾಮಿ, ಪಟ್ಟದಕಲ್ಲು ನೋಡಿಕೊಂಡು ಭಾನುವಾರ ರಾತ್ರಿ ಬಾದಾಮಿಯಿಂದ ರೈಲಿನಲ್ಲಿ ಮರಳುವ ಪ್ರವಾಸವನ್ನೇ ಇಟ್ಟುಕೊಂಡು ಇದನ್ನು ಹೇಗೆ ಮಾಡುವುದೆಂದು ನೋಡೋಣ.

ಯಾವ ಆ್ಯಪ್?

ಹೆಚ್ಚು ಬಳಕೆಯಲ್ಲಿರುವ ಎರಡು ಆ್ಯಪ್‌ಗಳ ಸ್ವಭಾವ ಬೇರೆ ಬೇರೆ. ಟ್ರಿಪ್‌ಇಟ್ ಟಿಕೆಟ್‌ಗಳ ಗುಮಾಸ್ತ. ಬುಕಿಂಗ್ ಖಚಿತವಾದ ಮೇಲ್ ಅನ್ನು plans@tripit.com ವಿಳಾಸಕ್ಕೆ ಕಳಿಸಿದರೆ ಅದರಲ್ಲಿರುವ ದಿನಾಂಕ, ಸಮಯ, ಸಂಖ್ಯೆಗಳನ್ನು ತಾನೇ ಓದಿ ಪಟ್ಟಿ ಮಾಡುತ್ತದೆ. ವಾಂಡರ್‌ಲಾಗ್‌ನ ಬಲವಿರುವುದು ದಿನದ ಯೋಜನೆಯಲ್ಲಿ. ನೋಡುವ ಜಾಗಗಳನ್ನು ನಕ್ಷೆಯ ಮೇಲಿಟ್ಟು, ಇಂದು ಇವು, ನಾಳೆ ಅವು ಎಂದು ಹಂಚಬಹುದು. ಮನೆಯವರೆಲ್ಲ ಒಂದೇ ಯೋಜನೆಯನ್ನು ತಿದ್ದಬಹುದು. ಆದರೆ ನೆಟ್ ಇಲ್ಲದೆ ನೋಡುವ ಸೌಲಭ್ಯ ವಾಂಡರ್‌ಲಾಗ್‌ನಲ್ಲಿ ಹಣ ಕೊಟ್ಟವರಿಗೆ ಮಾತ್ರ. ಇದು ತಿಳಿಯದೆ ವಾರಗಟ್ಟಲೆ ಯೋಜನೆ ಬರೆದು ಕೊನೆಗೆ ಕೈಚೆಲ್ಲಿದವರಿದ್ದಾರೆ. ನನ್ನ ಆಯ್ಕೆ ಟ್ರಿಪ್‌ಇಟ್. ದಿನದ ತಿರುಗಾಟವನ್ನೂ ಅದರಲ್ಲೇ ಕೈಯಾರೆ ಬರೆದುಕೊಳ್ಳುತ್ತೇನೆ.

ಮೇಲ್ ಪೆಟ್ಟಿಗೆಯನ್ನು ತಾನೇ ಜಾಲಾಡಿ ಟಿಕೆಟ್ ಹುಡುಕಿಕೊಳ್ಳಲು ಇಂಥ ಆ್ಯಪ್‌ಗಳು ಅನುಮತಿ ಕೇಳುವುದುಂಟು. ನಾನು ಕೊಡುವುದಿಲ್ಲ. ನಾಲ್ಕು ಮೇಲ್ ಕಳಿಸುವ ಶ್ರಮ ಉಳಿಸಲು ಬ್ಯಾಂಕಿನ ಪತ್ರಗಳೂ ಇರುವ ಪೆಟ್ಟಿಗೆಯ ಕೀಲಿ ಕೊಡುವುದು ನನಗೆ ಒಗ್ಗದು.

ಮೊದಲು ಎಲ್ಲವನ್ನೂ ಒಂದೆಡೆ ತನ್ನಿ

ನಮ್ಮ ಮನೆಗಳಲ್ಲಿ ರೈಲು ಟಿಕೆಟ್ ತೆಗೆಯುವವರು ಒಬ್ಬರು, ಕೊಠಡಿ ಹಿಡಿಯುವವರು ಮತ್ತೊಬ್ಬರು, ಕಾರಿನವನ ಜೊತೆ ಫೋನಿನಲ್ಲಿ ಮಾತಾಡಿಕೊಳ್ಳುವವರು ಇನ್ನೊಬ್ಬರು. ಮೇಲ್ ಕಳಿಸುವಾಗ ಇದೇ ತೊಡಕಾಗುತ್ತದೆ. ಆ್ಯಪ್‌ನಲ್ಲಿ ನೋಂದಾಯಿಸಿದ ವಿಳಾಸದಿಂದ ಹೋದ ಮೇಲ್ ಮಾತ್ರ ನಿಮ್ಮ ಪಟ್ಟಿಗೆ ಸೇರುತ್ತದೆ. ಭಾವ ನೇರವಾಗಿ ಕಳಿಸಿದರೆ ಅದು ನಿಮ್ಮ ಪ್ರವಾಸಕ್ಕೆ ಬರುವುದಿಲ್ಲ. ಅವರು ನಿಮಗೆ ಕಳಿಸಬೇಕು, ನೀವು ಆ್ಯಪ್‌ಗೆ ಕಳಿಸಬೇಕು. ದೊಡ್ಡ ವಿಮಾನ ಸಂಸ್ಥೆಗಳ ಮೇಲ್ ಸಾಮಾನ್ಯವಾಗಿ ಸರಿಯಾಗಿ ಕೂರುತ್ತದೆ. ಊರಿನ ಲಾಡ್ಜ್, ಏಜೆಂಟರು ಕಳಿಸುವ ಪಿಡಿಎಫ್, ಬಸ್ಸಿನ ಎಸ್ಎಂಎಸ್ ಇವನ್ನು ಆ್ಯಪ್ ಓದುತ್ತದೆಂದು ನಂಬಿ ಕೂರಬೇಡಿ. ಐದು ನಿಮಿಷದಲ್ಲಿ ಪಟ್ಟಿಯಲ್ಲಿ ಕಾಣದಿದ್ದರೆ ಕೈಯಾರೆ ಬರೆಯಿರಿ.

ಹೀಗೆ ಬರೆಯುವಾಗ ಕೌಂಟರಿನಲ್ಲಿ ಏನು ಕೇಳುತ್ತಾರೋ ಅದನ್ನು ಮೊದಲ ಸಾಲಿನಲ್ಲಿ ಹಾಕಿ. ರೈಲಿಗೆ ಹತ್ತಂಕಿಯ ಪಿಎನ್ಆರ್, ಬೋಗಿ, ಬರ್ತ್. ಕೊಠಡಿಗೆ ಬುಕಿಂಗ್ ಸಂಖ್ಯೆ, ಯಾರ ಹೆಸರಿನಲ್ಲಿದೆ, ಎಷ್ಟು ಮುಂಗಡ ಕೊಟ್ಟಾಗಿದೆ, ಅಲ್ಲಿನ ದೂರವಾಣಿ. ಫೋನ್ ಕರೆಗೆ ಇಂಟರ್ನೆಟ್ ಬೇಕಿಲ್ಲ, ಹಾಗಾಗಿ ನೆಟ್ ಸತ್ತ ಊರಿನಲ್ಲೂ ಅನೇಕ ಸಲ ಈ ಕೊನೆಯದೇ ಕೈಹಿಡಿಯುತ್ತದೆ.

ರೈಲು ಟಿಕೆಟ್‌ನ ವಿಷಯದಲ್ಲಿ ಒಂದು ಎಚ್ಚರ. ಆ್ಯಪ್‌ನಲ್ಲಿರುವುದು ಟಿಕೆಟ್ ತೆಗೆದ ದಿನದ ಸ್ಥಿತಿ. ಅಂದು ವೇಟಿಂಗ್ ಲಿಸ್ಟ್‌ನಲ್ಲಿದ್ದುದು ಆಮೇಲೆ ಖಚಿತವಾಗಿರಬಹುದು, ಆಗದೆಯೂ ಇರಬಹುದು. ಚಾರ್ಟ್ ಸಿದ್ಧವಾದ ಮೇಲೂ ಎಲ್ಲರೂ ವೇಟಿಂಗ್ ಲಿಸ್ಟ್‌ನಲ್ಲೇ ಉಳಿದರೆ ಇ-ಟಿಕೆಟ್ ತಾನಾಗಿ ರದ್ದಾಗುತ್ತದೆ. ಆ್ಯಪ್ ಮಾತ್ರ ಏನೂ ಆಗದಂತೆ ರೈಲಿನ ಚಿತ್ರ ತೋರಿಸುತ್ತಲೇ ಇರುತ್ತದೆ. ಚಾರ್ಟ್ ಆದ ಮೇಲೆ ಪಿಎನ್ಆರ್ ಸ್ಥಿತಿ ನೋಡಿ, ಬೋಗಿ ಮತ್ತು ಬರ್ತ್ ಸಂಖ್ಯೆಯನ್ನು ನೀವೇ ತಿದ್ದಬೇಕು.

ಮಧ್ಯರಾತ್ರಿಯ ಮೋಸ

ನಾನು ಕಂಡಂತೆ ಅತಿ ದುಬಾರಿ ತಪ್ಪಾಗುವುದು ಇಲ್ಲಿ. ನೀವು ನಡುವಿನ ನಿಲ್ದಾಣವೊಂದರಲ್ಲಿ ಹತ್ತುವವರು, ರೈಲು ಅಲ್ಲಿಗೆ ಬರುವುದು ರಾತ್ರಿ 12.20ಕ್ಕೆ ಎಂದುಕೊಳ್ಳಿ. ಟಿಕೆಟ್‌ನಲ್ಲಿ ಶನಿವಾರ 00:20 ಎಂದಿರುತ್ತದೆ. ಮನೆಯಲ್ಲಿ ಎಲ್ಲರ ಬಾಯಲ್ಲಿ ಅದು 'ಶನಿವಾರ ರಾತ್ರಿಯ ರೈಲು' ಆಗುತ್ತದೆ. ನಿಜಕ್ಕೂ ಹೊರಡಬೇಕಾದದ್ದು ಶುಕ್ರವಾರ ರಾತ್ರಿ ಊಟ ಮುಗಿಸಿ. ಶನಿವಾರ ರಾತ್ರಿ ಚೀಲ ಹೊತ್ತು ನಿಲ್ದಾಣಕ್ಕೆ ಹೋದವರ ರೈಲು ಹಿಂದಿನ ರಾತ್ರಿಯೇ ಹೋಗಿರುತ್ತದೆ.

ಆ್ಯಪ್ ಇದನ್ನು ತಪ್ಪಿಸುವುದಿಲ್ಲ. ಶನಿವಾರದ ಪುಟದ ಮೊದಲ ಸಾಲಾಗಿ ರೈಲನ್ನು ಕೂರಿಸುತ್ತದೆ, ಲೆಕ್ಕಕ್ಕೆ ಅದು ಸರಿಯೇ. ಶುಕ್ರವಾರದ ಪುಟ ನೋಡುತ್ತಿರುವ ನಿಮಗೆ ಅದು ಕಾಣುವುದಿಲ್ಲ, ಅಷ್ಟೆ. ಆದ್ದರಿಂದ ಶುಕ್ರವಾರದ ಪುಟದಲ್ಲಿ ಇನ್ನೊಂದು ಸಾಲನ್ನು ನೀವೇ ಸೇರಿಸಿ: 'ರಾತ್ರಿ 11.15, ಮನೆಯಿಂದ ನಿಲ್ದಾಣಕ್ಕೆ.' ಪ್ರತಿ ರೈಲಿಗೂ ಬಸ್ಸಿಗೂ ಮನೆ ಅಥವಾ ಕೊಠಡಿ ಬಿಡುವ ಹೊತ್ತನ್ನು ಹೀಗೆ ಪ್ರತ್ಯೇಕವಾಗಿ ಬರೆಯುವುದು ನನ್ನ ಅಭ್ಯಾಸ. ಟಿಕೆಟ್‌ನಲ್ಲಿರುವುದು ರೈಲು ಹೊರಡುವ ಸಮಯ. ನಾವು ಹೊರಡುವ ಸಮಯ ಯಾವ ಟಿಕೆಟ್‌ನಲ್ಲೂ ಇರುವುದಿಲ್ಲ.

ಕೊಠಡಿಗೂ ಇದೇ ಲೆಕ್ಕ. ಗುರುವಾರ ರಾತ್ರಿ ಹೊರಟವರು ಹೊಸಪೇಟೆಯಲ್ಲಿ ಇಳಿಯುವುದು ಶುಕ್ರವಾರ ಬೆಳಿಗ್ಗೆ. ಕೊಠಡಿ ಮಧ್ಯಾಹ್ನ ಹನ್ನೆರಡಕ್ಕೆ ಸಿಗುವುದಾದರೆ ನಡುವಿನ ಹೊತ್ತು ಪಟ್ಟಿಯಲ್ಲಿ ಖಾಲಿಯಾಗಿ ಕಾಣುತ್ತದೆ. ಸ್ನಾನ ಎಲ್ಲಿ, ಚೀಲ ಎಲ್ಲಿಡುವುದು ಎಂಬುದನ್ನು ವಸತಿಗೃಹಕ್ಕೆ ಮೊದಲೇ ಕರೆ ಮಾಡಿ ಕೇಳಿ, ಉತ್ತರವನ್ನು ಆ ಖಾಲಿ ಜಾಗದಲ್ಲಿ ಬರೆದುಬಿಡಿ.

ದಿನವನ್ನು ತುಂಬುವ ಮುನ್ನ ರಜೆ ನೋಡಿ

ಶುಕ್ರವಾರ ಹಂಪಿ, ಶನಿವಾರ ಮಧ್ಯಾಹ್ನ ಬಾದಾಮಿಗೆ ಪಯಣ, ಭಾನುವಾರ ಬಾದಾಮಿ ಮತ್ತು ಪಟ್ಟದಕಲ್ಲು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ವಿಠ್ಠಲ ದೇವಾಲಯದಲ್ಲಿ ತೆಗೆದ ಟಿಕೆಟ್ ಅದೇ ದಿನ ಕಮಲ ಮಹಲ್ ಇರುವ ಜನಾನಾ ಆವರಣಕ್ಕೂ ವಸ್ತುಸಂಗ್ರಹಾಲಯಕ್ಕೂ ನಡೆಯುತ್ತದೆ, ಮರುದಿನಕ್ಕೆ ನಡೆಯುವುದಿಲ್ಲ. ಆದ್ದರಿಂದ ಈ ಮೂರನ್ನೂ ಶನಿವಾರ ಬೆಳಿಗ್ಗೆಗೆ ದೂಡಿ, ಶುಕ್ರವಾರಕ್ಕೆ ವಿರೂಪಾಕ್ಷ, ಹೇಮಕೂಟ, ಸಂಜೆ ಮಾತಂಗ ಬೆಟ್ಟ ಎಂದು ಇಟ್ಟುಕೊಳ್ಳುವುದು ಜಾಣತನ. ಹಂಪಿಯಿಂದ ಬಾದಾಮಿಗೆ ಸುಮಾರು 140 ಕಿಲೋಮೀಟರ್. ಕಾರಿನಲ್ಲಿ ಮೂರು ಗಂಟೆಗೆ ಕಡಿಮೆ ಹಿಡಿಯಬೇಡಿ, ಊಟದ ಹೊತ್ತನ್ನು ಬೇರೆ ಸೇರಿಸಿ.

ಸ್ಮಾರಕಗಳ ಟಿಕೆಟ್ ಅನ್ನು ಆನ್‌ಲೈನ್‌ನಲ್ಲಿ ತೆಗೆಯುವುದಾದರೆ ಮನೆಯಿಂದ ಹೊರಡುವ ಮೊದಲೇ ತೆಗೆದು ಪಿಡಿಎಫ್ ಉಳಿಸಿಕೊಳ್ಳಿ. ಬಾಗಿಲಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಟಿಕೆಟ್ ಕೊಳ್ಳಲು ನೆಟ್ ಬೇಕು, ಕೊಂಡ ಟಿಕೆಟ್ ತೋರಿಸಲು ಬೇಡ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ, ಲೆಕ್ಕದಲ್ಲಿ ಅವರನ್ನು ಬಿಡಿ.

ನಕ್ಷೆ ಬೇರೆಯಾಗಿ ಇಳಿಸಬೇಕು

ಯೋಜನೆಯ ಆ್ಯಪ್ ನೆಟ್ ಇಲ್ಲದೆ ತೆರೆದರೂ ಅದರೊಳಗಿನ ವಿಳಾಸ ಮುಟ್ಟಿದರೆ ತೆರೆಯುವುದು ನಕ್ಷೆಯ ಆ್ಯಪ್. ಅದು ಬೂದುಬಣ್ಣದ ಖಾಲಿ ಹಾಳೆ ತೋರಿಸಿದರೆ ಪ್ರಯೋಜನವಿಲ್ಲ. ಗೂಗಲ್ ಮ್ಯಾಪ್ಸ್‌ನಲ್ಲಿ ಮೇಲ್ಮೂಲೆಯ ನಿಮ್ಮ ಚಿತ್ರ ಒತ್ತಿ, Offline maps ಆರಿಸಿ, Select your own map ಒತ್ತಿದರೆ ಒಂದು ಚೌಕಟ್ಟು ಬರುತ್ತದೆ. ಹೊಸಪೇಟೆಯಿಂದ ಬಾದಾಮಿಯವರೆಗಿನ ಪ್ರದೇಶ ಅದರೊಳಗೆ ಬರುವಂತೆ ಎಳೆದು Download ಒತ್ತಿ. ಮನೆಯ ವೈಫೈನಲ್ಲಿ ಮಾಡುವ ಕೆಲಸ ಇದು.

ಇದಕ್ಕೊಂದು ಮಿತಿ ಇದೆ. ಹೀಗೆ ಇಳಿಸಿದ ಗೂಗಲ್ ನಕ್ಷೆ ನೆಟ್ ಇಲ್ಲದಾಗ ವಾಹನದ ದಾರಿ ಮಾತ್ರ ಹೇಳುತ್ತದೆ. ಕಾಲ್ನಡಿಗೆಯ ದಾರಿ, ಬಸ್ಸಿನ ದಾರಿ ಹೇಳುವುದಿಲ್ಲ. ವಿರೂಪಾಕ್ಷ ದೇವಾಲಯದಿಂದ ತುಂಗಭದ್ರೆಯ ದಂಡೆ ಹಿಡಿದು ವಿಠ್ಠಲ ದೇವಾಲಯಕ್ಕೆ ನಡೆದು ಹೋಗುವ ಸೊಗಸಾದ ಹಾದಿಯಿದೆ. ನೆಟ್ ಇಲ್ಲದ ಗೂಗಲ್ ನಿಮ್ಮನ್ನು ಅಲ್ಲಿಗೆ ಕಾರಿನ ರಸ್ತೆಯಲ್ಲಿ ಸುತ್ತಿಸಿ ಕರೆದೊಯ್ಯಲು ನೋಡುತ್ತದೆ. ನಡೆಯುವವರು ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಉಚಿತ ಆ್ಯಪ್‌ನಲ್ಲಿ ಕರ್ನಾಟಕದ ನಕ್ಷೆ ಇಳಿಸಿಕೊಳ್ಳಲಿ. ಅದು ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿ ಬಳಸುತ್ತದೆ, ಕಾಲುದಾರಿಯನ್ನು ನೆಟ್ ಇಲ್ಲದೆಯೂ ಹೇಳುತ್ತದೆ.

ಹೊರಡುವ ಹಿಂದಿನ ದಿನದ ಪರೀಕ್ಷೆ

ಇಷ್ಟೂ ಕೆಲಸ ಫಲಿಸಿದೆಯೇ ಎಂದು ತಿಳಿಯಲು ಒಂದೇ ದಾರಿ. ಆ್ಯಪ್ ಅನ್ನು ನೆಟ್ ಇರುವಾಗ ಒಮ್ಮೆ ತೆರೆದು ಎಲ್ಲ ಪುಟಗಳನ್ನೂ ನೋಡಿ. ಆಮೇಲೆ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಆರಿದೆಯೇ ಎಂದು ಖಚಿತಪಡಿಸಿಕೊಂಡು, ಆ್ಯಪ್ ಅನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಈಗ ಪ್ರತಿ ಟಿಕೆಟ್ ಒತ್ತಿ ನೋಡಿ. ಸಾಲುಗಳು ಕಾಣುತ್ತವೆ, ಜೋಡಿಸಿದ ಪಿಡಿಎಫ್ ಮಾತ್ರ ತೆರೆಯುವುದಿಲ್ಲ ಎಂಬುದು ಇಲ್ಲಿ ಸಾಮಾನ್ಯವಾಗಿ ಸಿಗುವ ದೋಷ. ಪಟ್ಟಿ ಮೊಬೈಲ್‌ನಲ್ಲಿದೆ, ಕಡತ ಇನ್ನೂ ದೂರದ ಸರ್ವರ್‌ನಲ್ಲಿದೆ ಎಂದರ್ಥ. ಅಂಥದ್ದನ್ನು ಮೊಬೈಲ್‌ನ ಫೈಲ್ಸ್‌ನಲ್ಲಿ 'ಹಂಪಿ' ಎಂಬ ಫೋಲ್ಡರ್ ಮಾಡಿ ಉಳಿಸಿ. ವಾಟ್ಸ್ಆ್ಯಪ್‌ನ ಚಿತ್ರಗಳನ್ನೂ ಈಗಲೇ ಒತ್ತಿ ತೆರೆಯಿರಿ. ನನ್ನ ಬಾದಾಮಿಯ ಸಂಜೆ ಕೆಟ್ಟದ್ದು ಈ ಒಂದು ಒತ್ತು ಬಾಕಿ ಉಳಿದಿದ್ದರಿಂದ.

ರೈಲಿನಲ್ಲಿ ಗುರುತಿನ ಚೀಟಿಯಾಗಿ ಡಿಜಿಲಾಕರ್‌ನ ಆಧಾರ್ ತೋರಿಸಬಹುದು. ಆದರೆ ಅದು ಅಲ್ಲಿನ Issued ವಿಭಾಗದ್ದಾಗಿರಬೇಕು, ನೀವೇ ಫೋಟೊ ತೆಗೆದು ಏರಿಸಿದ್ದು ನಡೆಯದು. ಅದನ್ನೂ ಇದೇ ಪರೀಕ್ಷೆಗೆ ಒಡ್ಡಿ. ತೆರೆಯದಿದ್ದರೆ ಕಾರ್ಡನ್ನೇ ಕಿಸೆಯಲ್ಲಿಟ್ಟುಕೊಳ್ಳಿ.

ಕೊನೆಗೆ, ಪಟ್ಟಿಯನ್ನು ಪ್ರವಾಸದಲ್ಲಿರುವ ಇನ್ನೊಬ್ಬರ ಮೊಬೈಲಿಗೂ ಹಂಚಿ, ಅವರ ಕೈಯಲ್ಲೂ ಏರೋಪ್ಲೇನ್ ಮೋಡ್ ಪರೀಕ್ಷೆ ಮಾಡಿಸಿ. ಬ್ಯಾಟರಿ ಮುಗಿದ ಮೊಬೈಲ್‌ನಲ್ಲಿ ಯಾವ ಆ್ಯಪ್ ಕೂಡ ತೆರೆಯುವುದಿಲ್ಲ. ಆ್ಯಪ್‌ಗಳೂ ಶಾಶ್ವತವಲ್ಲ: 2016ರಲ್ಲಿ ಬಂದ ಗೂಗಲ್ ಟ್ರಿಪ್ಸ್ 2019ರ ಆಗಸ್ಟ್‌ನಲ್ಲಿ ಬಾಗಿಲು ಮುಚ್ಚಿತು. ಹಾಗಾಗಿ ಟಿಕೆಟ್‌ನ ಮೂಲ ಮೇಲ್‌ಗಳನ್ನು ಅಳಿಸುವುದು ಬೇಡ. ಪಿಎನ್ಆರ್ ಮತ್ತು ವಸತಿಗೃಹದ ದೂರವಾಣಿಯನ್ನು ನಾನೀಗ ಒಂದು ಚೀಟಿಯಲ್ಲಿ ಬರೆದು ಅತ್ತೆಯ ಪರ್ಸಿನಲ್ಲಿಡುತ್ತೇನೆ. ಅವರು ಅದನ್ನು ತೆಗೆದುಕೊಳ್ಳುವಾಗ ಏನೂ ಹೇಳುವುದಿಲ್ಲ, ನಗುತ್ತಾರೆ ಅಷ್ಟೆ.