ಸಿಮ್ ಬದಲಿಸಿದ ಮೇಲೆ ಯುಪಿಐ ಮತ್ತೆ ಶುರು ಮಾಡುವುದು ಹೇಗೆ?

ಅದೇ ನಂಬರಿಗೆ ಹೊಸ ಸಿಮ್ ತಂದಿದ್ದೀರಿ. ಕರೆ ಬರುತ್ತದೆ, ನೆಟ್ ಓಡುತ್ತದೆ, ಪೇಮೆಂಟ್ ಆ್ಯಪ್‌ನಲ್ಲಿ ಮಾತ್ರ ದುಡ್ಡು ಹೋಗುತ್ತಿಲ್ಲ. ಹೆಚ್ಚಿನವರು ಆಗ ಆ್ಯಪ್ ಅಳಿಸಿ ಮತ್ತೆ ಹಾಕಿಕೊಳ್ಳುತ್ತಾರೆ. ಸುಮ್ನೆ ಶ್ರಮ. ತೊಡಕಿರುವುದು ಎಸ್‌ಎಂಎಸ್‌ನಲ್ಲಿ.

ಯುಪಿಐ ಆ್ಯಪ್ ನಿಮ್ಮ ಫೋನ್, ಸಿಮ್, ಬ್ಯಾಂಕಿನಲ್ಲಿ ಕೊಟ್ಟ ನಂಬರು ಮೂರನ್ನೂ ಒಟ್ಟಿಗೆ ಕಟ್ಟಿಟ್ಟಿರುತ್ತದೆ. ಸಿಮ್ ಬದಲಾದರೆ ಆ ಕಟ್ಟು ಬಿಚ್ಚುತ್ತದೆ. ಮತ್ತೆ ಕಟ್ಟಲು ನಿಮ್ಮ ಸಿಮ್‌ನಿಂದಲೇ ಒಂದು ಎಸ್‌ಎಂಎಸ್ ಹೋಗಬೇಕು. ಆದರೆ ಹೊಸ ಸಿಮ್‌ನಲ್ಲಿ ಮೊದಲ 24 ಗಂಟೆ ಎಸ್‌ಎಂಎಸ್ ಬಂದ್. ನಿಮ್ಮ ನಂಬರಿಗೆ ಬೇರೆ ಯಾರೋ ಸಿಮ್ ಪಡೆದು ಖಾತೆಗೆ ಕೈ ಹಾಕದಿರಲಿ ಎಂದು ಈ ತಡೆ.

ಸೋಮವಾರ ಬೆಳಿಗ್ಗೆ 11ಕ್ಕೆ ಸಿಮ್ ಚಾಲೂ ಆಯಿತು ಎನ್ನಿ. ಮಂಗಳವಾರ 11ರ ತನಕ ಆ್ಯಪ್ ಮುಟ್ಟಬೇಡಿ. ಆಮೇಲೂ ಮೊದಲು ಮನೆಯವರ ನಂಬರಿಗೆ ಒಂದು ಮಾಮೂಲಿ ಎಸ್‌ಎಂಎಸ್ ಕಳಿಸಿ ನೋಡಿ. ವಾಟ್ಸ್ಆ್ಯಪ್ ಅಲ್ಲ, ಎಸ್‌ಎಂಎಸ್. ಅದು ಹೋಗದಿದ್ದರೆ ಆ್ಯಪಿನದೂ ಹೋಗುವುದಿಲ್ಲ. ತಡೆ ಇನ್ನೂ ಇರಬಹುದು, ಇಲ್ಲವೇ ರೀಚಾರ್ಜ್‌ನಲ್ಲಿ ಎಸ್‌ಎಂಎಸ್ ಇರಲಿಕ್ಕಿಲ್ಲ. ಬರೀ ಡೇಟಾ ಪ್ಯಾಕ್ ಹಾಕಿಸಿದವರು ಸಿಕ್ಕಿಬೀಳುವುದು ಇಲ್ಲೇ.

ಎಸ್‌ಎಂಎಸ್ ಹೋಯಿತೇ? ಈಗ ಆ್ಯಪ್ ತೆರೆಯಿರಿ. ಎರಡು ಸಿಮ್ ಇದ್ದರೆ ಬ್ಯಾಂಕಿನಲ್ಲಿರುವ ನಂಬರಿನದನ್ನೇ ಆರಿಸಿ. ನನ್ನನ್ನು ಕೇಳಿದರೆ, ಇಷ್ಟು ಹೊತ್ತಿಗೆ ಇನ್ನೊಂದು ಸಿಮ್ ಆಫ್ ಮಾಡಿಡುವುದೇ ವಾಸಿ. ಎಸ್‌ಎಂಎಸ್ ಅನುಮತಿ ಕೇಳಿದರೆ ಕೊಡಿ. ಐಫೋನ್‌ನಲ್ಲಿ ಅರ್ಥವಾಗದ ಅಕ್ಷರಗಳ ಸಂದೇಶ ತೆರೆದುಕೊಳ್ಳುತ್ತದೆ; ಅದರಲ್ಲಿ ಒಂದಕ್ಷರವನ್ನೂ ತಿದ್ದದೆ ಕಳಿಸಿ, ಆ್ಯಪ್‌ಗೆ ಮರಳಿ. ನಂತರ ಬ್ಯಾಂಕ್ ಆರಿಸಿದರೆ ಖಾತೆ ತಾನೇ ಕಾಣುತ್ತದೆ. ಕಾಣದಿದ್ದರೆ ಬ್ಯಾಂಕಿನಲ್ಲಿ ಬೇರೆ ನಂಬರಿರಬಹುದು. ಹಾಗಿದ್ದರೆ ಅದನ್ನು ಬ್ಯಾಂಕಿನಲ್ಲೇ ಸರಿಪಡಿಸಬೇಕು.

ಇನ್ನು ಪಿನ್. ಗಾಬರಿಯಲ್ಲಿ ಹಲವು ಸಲ ತಪ್ಪು ಒತ್ತಿದರೆ ಬ್ಯಾಂಕು ಅದನ್ನು ತಡೆಹಿಡಿಯುತ್ತದೆ, ಸಾಮಾನ್ಯವಾಗಿ ಒಂದು ದಿನ. ಬೇರೆ ಆ್ಯಪ್ ಹಾಕಿಕೊಂಡು ತಪ್ಪಿಸಿಕೊಳ್ಳೋಣ ಅಂದರೆ ಆಗದು. ಪಿನ್ ಇರುವುದು ಖಾತೆಗೆ, ಆ್ಯಪ್‌ಗಲ್ಲ. ಊಹಿಸುತ್ತಾ ಕೂರದೆ 'ಪಿನ್ ಮರೆತಿದ್ದೇನೆ' ಎಂಬುದನ್ನು ಒತ್ತಿ. ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ, ಅವಧಿ ಮುಗಿಯುವ ತಿಂಗಳು-ವರ್ಷ ಕೊಟ್ಟರೆ ಒಟಿಪಿ ಬರುತ್ತದೆ. ಕಾರ್ಡ್ ಇಲ್ಲದವರಿಗೆ ಹಲವು ಬ್ಯಾಂಕುಗಳಲ್ಲಿ ಆಧಾರ್ ದಾರಿಯಿದೆ. ಒಟಿಪಿಯೂ ಎಸ್‌ಎಂಎಸ್ಸೇ ಅಲ್ವಾ? ಹಾಗಾಗಿ ಸಿಮ್ ತಡೆ ತೆರೆಯುವ ಮೊದಲು ಇದಕ್ಕೂ ಕೈ ಹಾಕಬೇಡಿ.

ಸಹಾಯವಾಣಿ ನಂಬರನ್ನು ಗೂಗಲ್‌ನಲ್ಲಿ ಹುಡುಕಲೇಬೇಡಿ. ಅಲ್ಲಿ ವಂಚಕರ ನಂಬರುಗಳೂ ಇರುತ್ತವೆ. ಆ್ಯಪ್‌ನೊಳಗಿನ 'ಸಹಾಯ' ವಿಭಾಗ ಸಾಕು.

ಎಲ್ಲ ಸರಿಯಾದ ಮೇಲೂ ಮೊದಲ 24 ಗಂಟೆಯಲ್ಲಿ ಸಾಮಾನ್ಯವಾಗಿ ಒಟ್ಟು ₹5,000 ಮಾತ್ರ ಕಳಿಸಬಹುದು. ಅದಕ್ಕಿಂತ ಜಾಸ್ತಿ ಕಟ್ಟುವುದಿದ್ದರೆ ಬುಧವಾರಕ್ಕೆ ಇಟ್ಟುಕೊಳ್ಳಿ, ಇಲ್ಲವೇ ಚೆಕ್ ಕೊಡಿ.